‘ಗಾಡಿ ಬಂದ್ಳು’ ಅಂದ್ರೆ ನಗೋದೇನಿದೆ?

ಕಳೆದ ರಜೆಯಲ್ಲಿ ನಾವು ಮೂವರು ಹೊನ್ನಾವರದ ಹತ್ತಿರ ಒಂದು ಕಟ್ಟಡದ ಸೈಟ್ ಆಫೀಸಿನಲ್ಲಿ ನಾಲ್ಕು ವಾರ ಇಂಟರ್ನ್‌ಶಿಪ್ ಮಾಡಿದೆವು. ಒಬ್ಬ ಭಟ್ಕಳದವನು, ಒಬ್ಬಳು ಹೊನ್ನಾವರದವಳು, ಇನ್ನೊಬ್ಬ ಕುಮಟಾದವನು. ಮೂವರೂ ಸಿವಿಲ್, ಮೂವರೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಈ ಲೇಖನದಲ್ಲಿ ‘ನಾವು’ ಅಂದ್ರೆ ಈ ಮೂವರು. ಬರೆದಿದ್ದು ಒಬ್ಬರಾದರೂ ಹೇಳ್ತಿರೋದು ಮೂವರ ಮಾತು. ತಪ್ಪು ಮಾಡಿದ್ದೂ ಮೂವರೇ.

ಮೊದಲನೇ ವಾರ. ಸ್ಟೋರ್ ನೋಡಿಕೊಳ್ಳುವ ಅಣ್ಣ ಬಾಗಿಲಲ್ಲಿ ನಿಂತು ಒಳಗಿದ್ದ ಸೂಪರ್‌ವೈಸರಿಗೆ ಹೇಳಿದರು: “ಸಿಮೆಂಟ್ ಗಾಡಿ ಬಂದ್ಳು.” ಸೂಪರ್‌ವೈಸರ್ ತಲೆ ಎತ್ತಿ ಕೇಳಿದ, “ಹೌದಾ? ಒಬ್ಳೇ ಬಂದ್ಳಾ, ಯಾರಾದ್ರೂ ಜೊತೆಗಿದಾರಾ?” ಆಫೀಸೆಲ್ಲ ನಕ್ಕಿತು. ನಾವೂ ನಕ್ಕೆವು. ಆವತ್ತಿನಿಂದ ಅದು ಆ ಆಫೀಸಿನ ಖಾಯಂ ಜೋಕ್ ಆಯ್ತು. ಲಾರಿ ಬಂದರೆ “ಬಂದ್ಳು”, ಕರೆಂಟ್ ಹೋದರೆ “ಹೋದ್ಳು”, ಚಹಾ ತಡವಾದರೆ “ಎಲ್ಲಿ ಹೋದ್ಳೋ ಏನೋ.” ಸ್ಟೋರಿನ ಅಣ್ಣನೂ ಮೊದಮೊದಲು ಜೊತೆಗೆ ನಗ್ತಿದ್ದರು. ಆಮೇಲೆ ನಗೋದು ಬಿಟ್ಟರು. ಅದಾದ ಮೇಲೆ ಮಾತಾಡೋದೇ ಕಡಿಮೆ ಮಾಡಿದರು. ಅದನ್ನು ನಾವು ಗಮನಿಸಿದ್ದು ತುಂಬಾ ತಡವಾಗಿ.

ಸಣ್ಣ ಆಫೀಸು, ಆದರೆ ಭಾಷೆ ಲೆಕ್ಕ ಹಾಕಿದರೆ ಒಂದು ಕೈಯ ಬೆರಳು ಸಾಲೋದಿಲ್ಲ. ಸೈಟ್ ಎಂಜಿನಿಯರ್ ಧಾರವಾಡದ ಕಡೆಯವರು. ಸೂಪರ್‌ವೈಸರ್ ಕುಮಟಾದವನು, ಗಟ್ಟಿ ಕರಾವಳಿ ಕನ್ನಡ. ಲೆಕ್ಕ ಬರೆಯುವವರ ಮನೆಮಾತು ಕೊಂಕಣಿ. ಕಬ್ಬಿಣ ಕಟ್ಟುವ ತಂಡ ಉತ್ತರ ಭಾರತದ್ದು, ಅವರ ಹತ್ತಿರ ಹಿಂದಿ. ಸ್ಟೋರಿನ ಅಣ್ಣ ಭಟ್ಕಳದವರು, ಮನೆಯಲ್ಲಿ ನವಾಯತಿ. ಭಟ್ಕಳ, ಮುರ್ಡೇಶ್ವರ, ಮಂಕಿ ಕಡೆಯ ನವಾಯತ ಮುಸ್ಲಿಮರ ಮಾತು ಅದು. ಕೊಂಕಣಿಗೆ ತುಂಬಾ ಹತ್ತಿರ, ಮೇಲೆ ಅರಬ್ಬಿ ಫಾರಸಿ ಪದಗಳು ಸೇರಿವೆ, ಬರೆಯುವುದು ಉರ್ದುವಿನ ಹಾಗೆ ಬಲದಿಂದ ಎಡಕ್ಕೆ. ನಮ್ಮ ಕಡೆಯವರಿಗೆ ಇದು ಹೊಸ ವಿಷಯ ಅಲ್ಲ. ಭಟ್ಕಳದಿಂದ ಕುಮಟಾದವರೆಗೆ ಬಸ್ಸಿನಲ್ಲಿ ಕೂತರೆ ಹಿಂದಿನ ಸೀಟಿನಲ್ಲಿ ಕೊಂಕಣಿ, ಮುಂದಿನ ಸೀಟಿನಲ್ಲಿ ಹವಿಗನ್ನಡ, ಕಂಡಕ್ಟರ್ ಹತ್ತಿರ ಇನ್ನೊಂದು ಕನ್ನಡ, ಎಲ್ಲ ಕೇಳುತ್ತೆ. ಬಸ್ಸಿನಲ್ಲಿ ಯಾರೂ ಯಾರಿಗೂ ನಗೋದಿಲ್ಲ. ಆಫೀಸಿಗೆ ಬಂದ ಕೂಡಲೇ ಯಾಕೆ ನಗು ಬರುತ್ತೆ ಅನ್ನೋದು ನಮ್ಮ ಪ್ರಶ್ನೆ.

ಮೊದಲು ಆ ‘ಬಂದ್ಳು’ ಎಲ್ಲಿಂದ ಬಂತು ನೋಡೋಣ. ಇದನ್ನು ನಮಗೆ ಬಿಡಿಸಿ ಹೇಳಿದ್ದು ನಮ್ಮ ಕುಮಟಾದವನು. ಅವನ ಮನೆಯಲ್ಲಿ ಕೊಂಕಣಿ. ಕೊಂಕಣಿಯಲ್ಲಿ ಮನುಷ್ಯರಿಗೆ ಮಾತ್ರ ಅಲ್ಲ, ಪ್ರತಿ ವಸ್ತುವಿಗೂ ಲಿಂಗ ಇದೆ. ಮಳೆ ಗಂಡು, ಹಾಗಾಗಿ ‘ಪಾವ್ಸು ಆಯ್ಲೊ’. ಗಾಡಿ ಹೆಣ್ಣು, ಹಾಗಾಗಿ ‘ಗಾಡಿ ಆಯ್ಲಿ’. ಅದನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದರೆ ಏನಾಗುತ್ತೆ? ‘ಗಾಡಿ ಬಂದಳು.’ ನವಾಯತಿಯೂ ಅದೇ ಕುಟುಂಬದ ಮಾತು, ಅಲ್ಲೂ ವಸ್ತುಗಳಿಗೆ ಲಿಂಗ ಉಂಟು. ಅಂದರೆ ಸ್ಟೋರಿನ ಅಣ್ಣ ಬಾಯಿಗೆ ಬಂದ ಹಾಗೆ ಮಾತಾಡಿದ್ದಲ್ಲ. ಅವರ ತಲೆಯಲ್ಲಿ ಒಂದು ನಿಯಮ ಸರಿಯಾಗೇ ಓಡ್ತಿತ್ತು. ಆ ನಿಯಮ ಕನ್ನಡದ್ದಲ್ಲ, ಅಷ್ಟೇ. ಕನ್ನಡದಲ್ಲಿ ಜೀವ ಇಲ್ಲದ್ದೆಲ್ಲ ‘ಅದು’, ಎಲ್ಲಕ್ಕೂ ‘ಬಂತು’.

ಈಗ ಇದನ್ನೇ ತಿರುಗಿಸಿ ನೋಡಿ. ಅದೇ ಸೂಪರ್‌ವೈಸರ್ ಕಬ್ಬಿಣದ ತಂಡದವರಿಗೆ ಹಿಂದಿಯಲ್ಲಿ ಹೇಳ್ತಿದ್ದದ್ದು: “ಗಾಡಿ ಆ ಗಯಾ.” ಅವರು ಒಬ್ಬರ ಮುಖ ಒಬ್ಬರು ನೋಡಿ ನಗ್ತಿದ್ದರು. ಯಾಕಂದ್ರೆ ಹಿಂದಿಯಲ್ಲಿ ಗಾಡಿ ಹೆಣ್ಣು, ‘ಆ ಗಯೀ’ ಅನ್ನಬೇಕು. ಕನ್ನಡದವನ ತಲೆಯಲ್ಲಿ ಗಾಡಿಗೆ ಲಿಂಗವೇ ಇಲ್ಲ, ಹಾಗಾಗಿ ಬಾಯಿಗೆ ಸಿಕ್ಕಿದ್ದು ‘ಗಯಾ’. ಒಂದೇ ಗಾಡಿ, ಒಂದೇ ಅಂಗಳ, ಒಂದೇ ತಪ್ಪು. ಒಬ್ಬ ಆಚೆಯಿಂದ ಈಚೆಗೆ ಬರುವಾಗ ಎಡವಿದ, ಇನ್ನೊಬ್ಬ ಈಚೆಯಿಂದ ಆಚೆಗೆ ಹೋಗುವಾಗ ಎಡವಿದ. ‘ಗಯಾ’ ಅಂದವನು ‘ಬಂದ್ಳು’ ಅಂದವನಿಗೆ ನಗೋದು ನೋಡಿದ್ರೆ, ನಮಗೆ ಈಗ ನಗು ಬರೋದು ನಗುವವನ ಮೇಲೆ.

ಮೂರನೇ ಉದಾಹರಣೆ ನಮ್ಮ ಹೊನ್ನಾವರದ ಗೆಳತಿಯದ್ದು. ಅವಳ ಮನೆಯಲ್ಲಿ ಹವ್ಯಕ ಕನ್ನಡ. ಅದರಲ್ಲಿ ಹೆಂಗಸರಿಗೂ ‘ಅದು’ ಅಂತಾರೆ, ‘ಅಕ್ಕ ಬಂತು’, ‘ಅತ್ತಿಗೆ ಹೇಳ್ತು’. ಫಸ್ಟ್ ಇಯರಿನಲ್ಲಿ ಹಾಸ್ಟೆಲಲ್ಲಿ ಅವಳು ಫೋನಲ್ಲಿ ಹೀಗೆ ಮಾತಾಡಿದ್ದನ್ನು ಕೇಳಿ ರೂಮಿನವರು, “ನಿಮ್ಮ ಕಡೆ ಅಕ್ಕ ಅಂದ್ರೆ ಟೇಬಲ್ಲಾ, ಕುರ್ಚಿನಾ?” ಅಂತ ಕೇಳಿದ್ದರು. ಹಾಗೆ ಕೇಳಿದವರಲ್ಲಿ ಒಬ್ಬಳ ಮನೆಮಾತು ತೆಲುಗು. ತೆಲುಗಿನಲ್ಲಿ ‘ಅಮ್ಮ ವಚ್ಚಿಂದಿ’, ‘ಬಂಡಿ ವಚ್ಚಿಂದಿ’. ಅಮ್ಮನಿಗೂ ಬಂಡಿಗೂ ಕ್ರಿಯಾಪದ ಒಂದೇ. ಪಠ್ಯಪುಸ್ತಕದಲ್ಲೂ ಹಾಗೇ, ಟಿವಿ ವಾರ್ತೆಯಲ್ಲೂ ಹಾಗೇ. ಅಂದರೆ ಹವ್ಯಕರ ‘ಅಕ್ಕ ಬಂತು’ವಿನಲ್ಲಿ ಅಕ್ಕನಿಗೆ ಅಗೌರವ ಇದೆ ಅಂತಾದರೆ ಇಡೀ ಆಂಧ್ರ, ತೆಲಂಗಾಣ ತಮ್ಮ ತಾಯಂದಿರಿಗೆ ದಿನಾ ಅಗೌರವ ಮಾಡ್ತಿದೆ ಅನ್ನಬೇಕಾಗುತ್ತೆ. ಹಾಗೆ ಯಾರೂ ಅನ್ನಲ್ಲ. ಯಾಕಂದ್ರೆ ತೆಲುಗಿನ ಹಿಂದೆ ರಾಜ್ಯ ಇದೆ, ಪತ್ರಿಕೆ ಇದೆ, ಸಿನಿಮಾ ಇದೆ. ಹವಿಗನ್ನಡದ ಹಿಂದೆ, ನವಾಯತಿಯ ಹಿಂದೆ ಒಂದಷ್ಟು ಮನೆಗಳಿವೆ, ಅಷ್ಟೇ. ನಾವು ನಗೋದು ತಪ್ಪಿಗೆ ಅಲ್ಲ. ಯಾರಿಗೆ ನಕ್ಕರೆ ನಡೆಯುತ್ತೋ ಅವರಿಗೆ ನಗ್ತೇವೆ. ಇದು ನಮ್ಮ ಮೊದಲನೇ ಮಾತು.

ಎರಡನೇ ಮಾತು, ಆ ನಗುವಿಗೆ ಎಷ್ಟು ಖರ್ಚಾಯ್ತು ಅನ್ನೋದು. ಇದು ಮನಸ್ಸಿಗೆ ನೋವಾಯ್ತು ಅನ್ನೋದಷ್ಟೇ ಅಲ್ಲ, ಲೆಕ್ಕದ ಪುಸ್ತಕದಲ್ಲಿ ಬರೆಯುವಂಥ ಖರ್ಚು.

ಎರಡನೇ ವಾರದ ಸೋಮವಾರದ ಮೀಟಿಂಗಿನಲ್ಲಿ ವಾರದ ಸಾಮಾನಿನ ಪಟ್ಟಿ ಓದ್ತಿದ್ದರು. ಸ್ಲ್ಯಾಬಿನ ಕಬ್ಬಿಣ ಬರಬೇಕಿತ್ತು. ಎಂಜಿನಿಯರ್ ಫೋನ್ ನೋಡಿಕೊಂಡು, “ಎಂಟು ಎಂಎಂ, ಎರಡು ಟನ್” ಅಂದರು. ಸ್ಟೋರಿನ ಅಣ್ಣನ ಕೈಯಲ್ಲಿ ಇಂಡೆಂಟಿನ ಪ್ರತಿ ಇತ್ತು. ಅದರಲ್ಲಿ ಹತ್ತು ಎಂಎಂ ಅಂತ ಇತ್ತು. ಅವರು ಕೈ ಎತ್ತಿ, “ಸರ್, ಈ ಗಾಡಿ...” ಅಂತ ಶುರು ಮಾಡಿದರು. ಸೂಪರ್‌ವೈಸರ್ ಮೆಲ್ಲಗೆ, “ಬಂದ್ಳಾ?” ಅಂದ. ಎಲ್ಲರೂ ಕಿಸಕ್ಕಂತ ನಕ್ಕರು. ಅಣ್ಣ ಕೈ ಇಳಿಸಿದರು. ಎಂಜಿನಿಯರ್ ಮುಂದಿನ ಸಾಲಿಗೆ ಹೋದರು. ಎಲ್ಲ ಸೇರಿ ಐದು ಸೆಕೆಂಡ್ ಆಗಿರಬಹುದು.

ಗುರುವಾರ ಕುಮಟಾದಿಂದ ಲಾರಿ ಬಂತು. ಇಳಿಸುವಾಗಲೇ ಅಣ್ಣ ಕಟ್ಟಿನ ಚೀಟಿ ತೋರಿಸಿದರು. ಎಲ್ಲವೂ ಎಂಟು ಎಂಎಂ. ಡ್ರಾಯಿಂಗಿನಲ್ಲಿ ಇದ್ದದ್ದು 150 ಎಂಎಂ ಅಂತರದಲ್ಲಿ ಹತ್ತು ಎಂಎಂ ರಾಡು. ಹತ್ತರ ರಾಡಿನ ಅಡ್ಡಕೊಯ್ತದ ವಿಸ್ತೀರ್ಣ 78.5 ಚದರ ಎಂಎಂ, ಎಂಟರದ್ದು 50.3. ಅಂದರೆ ಮೂರರಲ್ಲಿ ಎರಡು ಪಾಲಿಗಿಂತಲೂ ಸ್ವಲ್ಪ ಕಡಿಮೆ. ಅದೇ ವಿಸ್ತೀರ್ಣ ಬೇಕು ಅಂದರೆ ಎಂಟರ ರಾಡನ್ನು 96 ಎಂಎಂಗೆ ಒಂದರಂತೆ ಕಟ್ಟಬೇಕು. ಹಾಗೆ ಮಾಡೋಣ ಅಂದರೆ ತಂದಿದ್ದ ಎರಡು ಟನ್ ಎಂಟರ ರಾಡು ಹೆಚ್ಚುಕಡಿಮೆ ಸಾಕಾಗ್ತಿತ್ತೇನೋ, ಆದರೆ ಕಟ್ಟುವ ಕೂಲಿ ಒಂದೂವರೆ ಪಟ್ಟು ಆಗುತ್ತೆ. ಅದೂ ಅಲ್ಲದೆ ಡಿಸೈನ್ ಮಾಡಿದವರನ್ನು ಕೇಳದೆ ಯಾರೂ ಹಾಗೆ ಬದಲಿಸುವ ಹಾಗಿಲ್ಲ. ಲಾರಿ ವಾಪಸ್ ಹೋಯ್ತು. ಹೋಗಿ ಬರುವ ಬಾಡಿಗೆ ಆಫೀಸಿನ ತಲೆಗೆ ಬಂತು. ಸರಿಯಾದ ರಾಡು ಬಂದದ್ದು ಶನಿವಾರ. ಕಬ್ಬಿಣದ ತಂಡಕ್ಕೆ ಎರಡು ದಿನ ಕೆಲಸ ಇಲ್ಲದೆ ಕೂಲಿ ಕೊಟ್ಟದ್ದಾಯ್ತು.

ಆವತ್ತು ಸಂಜೆ ಚಹಾ ಕುಡಿಯುವಾಗ ನಾವು ಅಣ್ಣನನ್ನು ಕೇಳಿದೆವು, “ನಿಮಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?” ಅವರು ಹೇಳಿದ್ದು ಇಷ್ಟೇ: “ಹೇಳ್ಲಿಕ್ಕೆ ಹೊರಟೆ. ಬಾಯಿ ತೆಗೆದ್ರೆ ನಗ್ತಾರೆ. ಹೋಗ್ಲಿ, ಫೋನಲ್ಲಿ ಆಮೇಲೆ ಹೇಳೋಣ ಅಂದ್ಕೊಂಡೆ. ಮರೆತೆ.”

ಆ ಮೀಟಿಂಗಿನಲ್ಲಿ ನಕ್ಕವರಲ್ಲಿ ನಾವೂ ಇದ್ದೆವು. ಹೆಚ್ಚು ಜೋರಾಗಿ ನಕ್ಕಿದ್ದು ನಮ್ಮ ಭಟ್ಕಳದವನು. ಇದನ್ನು ಅವನ ಒಪ್ಪಿಗೆ ಕೇಳಿಯೇ ಬರೀತಿದ್ದೇವೆ. ಅವನ ಮನೆಮಾತೂ ನವಾಯತಿ. ಕಾಲೇಜಿಗೆ ಬಂದು ಒಂದು ವರ್ಷವಾದರೂ ಹಾಸ್ಟೆಲಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಮನೆಯಿಂದ ಫೋನ್ ಬಂದರೆ ಕಾರಿಡಾರಿಗೆ ಹೋಗ್ತಿದ್ದ. ಅವನ ಕನ್ನಡ ಶಾಲೆಯಲ್ಲಿ ಕಲಿತ ಅಚ್ಚುಕಟ್ಟು ಕನ್ನಡ, ಇಂಗ್ಲಿಷ್ ಇನ್ನೂ ಅಚ್ಚುಕಟ್ಟು. ಆ ಅಚ್ಚುಕಟ್ಟಿನ ಹಿಂದೆ ಬಚ್ಚಿಟ್ಟುಕೊಂಡು, ಅಣ್ಣನ ಬಾಯಲ್ಲಿ ತನ್ನ ಅಜ್ಜಿಯ ಮಾತಿನ ಜಾಡು ಕೇಳಿದ ಕೂಡಲೇ, ‘ನಾನು ಆ ಕಡೆಯವನಲ್ಲ’ ಅಂತ ತೋರಿಸೋಕೆ ಎಲ್ಲರಿಗಿಂತ ಜೋರಾಗಿ ನಕ್ಕ. ಇದು ಅವನೊಬ್ಬನ ಕಥೆ ಅಂತ ನಮಗೆ ಅನ್ನಿಸೋದಿಲ್ಲ. ಕನ್ನಡ ಮಾತಾಡಿದರೆ ದಂಡ ಕಟ್ಟಿಸಿಕೊಳ್ಳುವ ಶಾಲೆಯಲ್ಲಿ ಓದಿದ ನಮಗೆಲ್ಲ ಈ ಅಭ್ಯಾಸ ಇದೆ. ಮನೆಮಾತನ್ನು ಮುಚ್ಚಿಡೋದನ್ನು ನಾವು ಮರ್ಯಾದೆ ಅಂತ ಕಲಿತಿದ್ದೇವೆ.

ಹಾಗಾದರೆ ಅಣಕಿಸಿದಾಗ ಮರ್ಯಾದೆಯಿಂದ ಎದುರಿಸೋದು ಹೇಗೆ? ಉತ್ತರ ನಮಗೆ ಪುಸ್ತಕದಿಂದ ಸಿಗಲಿಲ್ಲ. ಸ್ಟೋರಿನ ಅಣ್ಣ ಮುಂದಿನ ವಾರ ಮಾಡಿದ್ದನ್ನು ನೋಡಿ ಸಿಕ್ಕಿತು.

ಮೊದಲನೆಯದಾಗಿ, ಅವರು ತಮ್ಮ ವಾಕ್ಯವನ್ನು ಅರ್ಧಕ್ಕೆ ಬಿಡೋದು ನಿಲ್ಲಿಸಿದರು. ಮತ್ತೆ ಸಿಮೆಂಟ್ ಬಂದಾಗ ಸೂಪರ್‌ವೈಸರ್ ಎಂದಿನಂತೆ “ಬಂದ್ಳಾ?” ಅಂದ. ಅಣ್ಣ ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. “ಬಂತು. ಹನ್ನೊಂದು ಗಂಟೆಗೆ. ಅರವತ್ತು ಚೀಲ, ಎರಡು ಒದ್ದೆಯಾಗಿದೆ. ಇಲ್ಲಿ ಸಹಿ ಮಾಡಿ” ಅಂತ ಪುಸ್ತಕ ಮುಂದಿಟ್ಟರು. ಅಣಕಿಸೋರಿಗೆ ಬೇಕಾಗಿರೋದು ಎರಡರಲ್ಲಿ ಒಂದು, ನೀವು ಜೊತೆಗೆ ನಗಬೇಕು ಅಥವಾ ಕೆರಳಬೇಕು. ನೀವು ನಕ್ಕರೆ ‘ಅವನಿಗೇ ಬೇಜಾರಿಲ್ಲ’ ಅಂತಾರೆ. ಕೆರಳಿದರೆ ‘ತಮಾಷೆ ಅರ್ಥ ಆಗಲ್ಲ’ ಅಂತಾರೆ. ಕೆಲಸದ ವಾಕ್ಯವನ್ನು ಕೊನೆಯವರೆಗೂ ಹೇಳಿಬಿಟ್ಟರೆ ಎರಡೂ ಸಿಗೋದಿಲ್ಲ. ಅರವತ್ತು ಚೀಲ, ಎರಡು ಒದ್ದೆ ಅನ್ನೋದು ಎಲ್ಲರ ಕಿವಿಗೂ ಬಿದ್ದಿರುತ್ತೆ.

ಎರಡನೆಯದು, ನಿಜವಾಗಿಯೂ ಅರ್ಥ ಆಗಲಿಲ್ಲವಾ ಅಂತ ಕೇಳೋದು. ಒಮ್ಮೆ ಲೆಕ್ಕದವರು “ನಿಮ್ಮ ಭಾಷೆ ಎಂತದೂ ತಿಳಿಯುದಿಲ್ಲ ಮಾರಾಯ್ರೆ” ಅಂದಾಗ ಅಣ್ಣ ಶಾಂತವಾಗಿ, “ಯಾವ ಪದ ತಿಳೀಲಿಲ್ಲ ಹೇಳಿ, ಮತ್ತೆ ಹೇಳ್ತೆ” ಅಂದರು. ಅವರ ಹತ್ತಿರ ಉತ್ತರ ಇರಲಿಲ್ಲ, ಯಾಕಂದ್ರೆ ಎಲ್ಲ ತಿಳಿದಿತ್ತು. ಈ ಪ್ರಶ್ನೆ ತುಂಬಾ ಚೂಪಾದದ್ದು. ಉಚ್ಚಾರ ಬೇರೆ ಇರೋದು ಒಂದು ವಿಷಯ, ಅರ್ಥ ಆಗದೆ ಇರೋದು ಇನ್ನೊಂದು. ಕೆನಡಾದಲ್ಲಿ ಮನ್ರೋ ಮತ್ತು ಡರ್ವಿಂಗ್ ಅನ್ನೋ ಇಬ್ಬರು 1995ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಮನೆಮಾತು ಚೀನೀ ಆಗಿದ್ದವರು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ರೆಕಾರ್ಡ್ ಮಾಡಿ, ಇಂಗ್ಲಿಷಿನವರಿಗೆ ಕೇಳಿಸಿ, ಕೇಳಿದ್ದನ್ನು ಬರೆಯಿರಿ ಅಂದರು. ಆಮೇಲೆ, ಉಚ್ಚಾರ ಎಷ್ಟು ಬೇರೆ ಅನ್ನಿಸಿತು ಅಂತ ಅಂಕ ಹಾಕಿಸಿದರು. ‘ತುಂಬಾ ಬೇರೆ’ ಅಂತ ಅಂಕ ಪಡೆದ ಎಷ್ಟೋ ವಾಕ್ಯಗಳನ್ನೂ ಅದೇ ಜನ ಒಂದು ಪದವೂ ತಪ್ಪದೆ ಬರೆದಿದ್ದರು. ಅಂದರೆ ಕಿವಿ ಎಲ್ಲ ಕೇಳಿಸಿಕೊಂಡಿತ್ತು, ಮನಸ್ಸು ಮಾತ್ರ ‘ಇದು ನಮ್ಮವರದ್ದಲ್ಲ’ ಅಂತ ಗುರುತು ಹಾಕಿಕೊಂಡಿತ್ತು.

ಆದರೆ ಈ ಪ್ರಶ್ನೆ ಕೇಳುವವರು ಉತ್ತರಕ್ಕೂ ತಯಾರಿರಬೇಕು. ಕೆಲವೊಮ್ಮೆ ನಿಜವಾಗಿಯೂ ಅರ್ಥ ಆಗಿರೋದಿಲ್ಲ, ಅದರಲ್ಲೂ ಫೋನಿನಲ್ಲಿ, ಮಿಕ್ಸರ್ ಓಡುವ ಸದ್ದಿನಲ್ಲಿ, ಸಂಖ್ಯೆ ಹೇಳುವಾಗ. ಆಗ ತಪ್ಪು ಯಾರದ್ದು ಅಂತ ಹುಡುಕೋದಕ್ಕಿಂತ ಪದ್ಧತಿ ಬದಲಿಸೋದು ಒಳ್ಳೇದು. ಕಬ್ಬಿಣದ ಗಲಾಟೆ ಆದ ಮೇಲೆ ಆ ಆಫೀಸಿನಲ್ಲಿ ಒಂದು ಬಿಳಿ ಬೋರ್ಡ್ ತಂದಿಟ್ಟರು. ಸೈಜು, ಎಣಿಕೆ, ಯೂನಿಟ್ಟು ಮೂರನ್ನೂ ಯಾರು ಹೇಳ್ತಾರೋ ಅವರೇ ಬೋರ್ಡಿನ ಮೇಲೆ ಬರೀಬೇಕು, ಬೇರೆಯವರು ಓದಿ ಹೇಳಬೇಕು. ಧಾರವಾಡದವರಿಗೂ ಅದೇ ನಿಯಮ, ಭಟ್ಕಳದವರಿಗೂ ಅದೇ. ಎಲ್ಲರಿಗೂ ಒಂದೇ ನಿಯಮ ಆದ ಕಾರಣ ಯಾರಿಗೂ ಅವಮಾನ ಆಗಲಿಲ್ಲ.

ಮೂರನೆಯದು ಕಷ್ಟದ್ದು. ಅಣಕಿಸಿದವನ ಜೊತೆ ಒಬ್ಬರೇ ಕೂತು ಮಾತಾಡೋದು. ಅಣ್ಣ ಸೂಪರ್‌ವೈಸರನ್ನು ಸ್ಟೋರಿನ ಹಿಂದೆ ಕರೆದು ಹೇಳಿದ್ದನ್ನು ಆಮೇಲೆ ಅವರೇ ನಮಗೆ ತಿಳಿಸಿದರು: “ನನ್ನ ಕನ್ನಡ ತಪ್ಪಾದ್ರೆ ಹೇಳಿ, ನಾ ಕಲೀತೆ. ಆದ್ರೆ ಮೀಟಿಂಗಲ್ಲಿ ನಾ ಲೆಕ್ಕ ಹೇಳುವಾಗ ಅಣಕಿಸ್ಬೇಡಿ. ಸೋಮವಾರ ಎಂಟಲ್ಲ, ಹತ್ತು ಅಂತ ಹೇಳ್ಲಿಕ್ಕೆ ಹೊರಟಿದ್ದೆ. ನೀವು ನಗಿಸಿದ್ರಿ, ನಾ ಸುಮ್ಮನಾದೆ. ಲಾರಿ ವಾಪಸ್ ಹೋಯ್ತು.” ಇದರಲ್ಲಿ ಏನಿದೆ ನೋಡಿ. ಯಾವತ್ತು, ಯಾವ ಮಾತು ಅನ್ನೋದು ಇದೆ. ಅದರಿಂದ ಏನು ನಷ್ಟ ಆಯ್ತು ಅನ್ನೋದು ಇದೆ. ಇನ್ನು ಮುಂದೆ ಏನು ಮಾಡಬೇಡಿ, ಏನು ಮಾಡಬಹುದು ಅನ್ನೋದು ಇದೆ. ‘ನೀವು ಯಾವಾಗಲೂ ಹೀಗೇ’ ಅಂತ ಇಲ್ಲ, ‘ನಿಮ್ಮ ಕಡೆಯವರೆಲ್ಲ ಹೀಗೇ’ ಅಂತ ಇಲ್ಲ. ಸೂಪರ್‌ವೈಸರ್ ಮೊದಲು, “ಅಯ್ಯೋ, ತಮಾಷೆಗೆ ಹೇಳಿದ್ದಪ್ಪ” ಅಂದನಂತೆ. ಅಣ್ಣ “ಗೊತ್ತು, ತಮಾಷೆ ಚಹಾ ಹೊತ್ತಿಗೆ ಇರ್ಲಿ” ಅಂದರಂತೆ. ಅವನು ಕ್ಷಮೆ ಕೇಳಲಿಲ್ಲ. ಆದರೆ ಮೀಟಿಂಗಿನಲ್ಲಿ ಮತ್ತೆ ಹಾಗೆ ಮಾಡಲಿಲ್ಲ. ನಾವು ಅಲ್ಲಿದ್ದ ಕೊನೆಯ ವಾರ ಒಮ್ಮೆ ಬಾಯಿ ತಪ್ಪಿ “ಬಂದ್...” ಅಂದು ಅರ್ಧಕ್ಕೇ ನಿಲ್ಲಿಸಿದ್ದನ್ನು ಮಾತ್ರ ನೋಡಿದೆವು.

ತಿದ್ದೋದಕ್ಕೂ ಅಣಕಿಸೋದಕ್ಕೂ ಗೆರೆ ಎಲ್ಲಿ ಅಂತ ಕೆಲವರು ಕೇಳ್ತಾರೆ. ಗೆರೆ ಅಷ್ಟೇನೂ ಮಸುಕಾಗಿಲ್ಲ. ತಿದ್ದುವವನು ಒಮ್ಮೆ ಹೇಳ್ತಾನೆ, ಸಾಧ್ಯವಾದರೆ ಬದಿಗೆ ಕರೆದು ಹೇಳ್ತಾನೆ, ಸರಿಯಾದ ರೂಪ ಯಾವುದು ಅಂತಲೂ ಹೇಳ್ತಾನೆ. ಅಣಕಿಸುವವನು ನಾಲ್ಕು ಜನರ ಮುಂದೆ ಹೇಳ್ತಾನೆ, ಅದನ್ನೇ ದಿನಾ ಹೇಳ್ತಾನೆ, ಸರಿಯಾದ ರೂಪ ಯಾವತ್ತೂ ಹೇಳೋದಿಲ್ಲ. ಎರಡು ವಾರ “ಬಂದ್ಳಾ” ಅಂದ ಆ ಆಫೀಸಿನಲ್ಲಿ ಒಬ್ಬರೂ ಅಣ್ಣನಿಗೆ ‘ಕನ್ನಡದಲ್ಲಿ ವಸ್ತುಗಳಿಗೆಲ್ಲ ಬಂತು’ ಅಂತ ಹೇಳಿರಲಿಲ್ಲ. ಕೊನೆಗೆ ಹೇಳಿದ್ದು ನಮ್ಮ ಕುಮಟಾದವನು, ಐದು ನಿಮಿಷದಲ್ಲಿ. ಅಣ್ಣ ಅವತ್ತೇ ಕಲಿತರು.

ನೋಡುತ್ತಾ ನಿಂತವರ ಪಾಲೂ ಇದೆ, ಅದು ನಮ್ಮ ಪಾಲು. ಸೋಮವಾರದ ಮೀಟಿಂಗಿನಲ್ಲಿ ನಾವು ಭಾಷಣ ಮಾಡಬೇಕಾಗಿರಲಿಲ್ಲ. “ಅಣ್ಣ ಏನೋ ಹೇಳ್ತಿದ್ರು, ಮುಗಿಸ್ಲಿ” ಅಂದಿದ್ದರೆ ಸಾಕಿತ್ತು. ನಾಲ್ಕು ಪದ. ಅಣಕಿಸಿದವನ ಹೆಸರೂ ಅದರಲ್ಲಿ ಬರೋದಿಲ್ಲ, ಯಾರ ಮೇಲೂ ಏರಿ ಹೋದ ಹಾಗೂ ಆಗೋದಿಲ್ಲ, ಮಾತಾಡುವವನಿಗೆ ಜಾಗ ಮಾತ್ರ ವಾಪಸ್ ಸಿಗುತ್ತೆ. ಇಂಟರ್ನ್ ಆಗಿ ನಮಗೆ ಅಷ್ಟು ಹೇಳುವ ಧೈರ್ಯ ಇರಲಿಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆವು. ಆದರೆ ನಗುವುದಕ್ಕೆ ಧೈರ್ಯ ಇತ್ತಲ್ಲ!

ಇದೆಲ್ಲ ಎಲ್ಲ ಕಡೆ ನಡೆಯುತ್ತೆ ಅಂತ ನಾವು ಹೇಳ್ತಿಲ್ಲ. ಅಣ್ಣನಿಗೆ ಅನುಕೂಲ ಆದದ್ದು ಎರಡು ಕಾರಣಕ್ಕೆ. ಅಣಕಿಸಿದವನು ಅವರ ಬಾಸ್ ಆಗಿರಲಿಲ್ಲ, ಮತ್ತೆ ಕಬ್ಬಿಣದ ನಷ್ಟ ಎಲ್ಲರ ಕಣ್ಣಿಗೂ ಕಂಡಿತ್ತು. ಅಣಕಿಸುವವರೇ ಮೇಲಿನವರಾದರೆ ಒಬ್ಬರೇ ಹೋಗಿ ಮಾತಾಡೋದು ಕಷ್ಟ. ಆಗ ತಾರೀಖು, ಹೇಳಿದ ಮಾತು, ಯಾರು ಇದ್ದರು, ಕೆಲಸಕ್ಕೆ ಏನು ತೊಂದರೆ ಆಯ್ತು, ಇಷ್ಟನ್ನು ಬರೆದಿಟ್ಟುಕೊಳ್ಳೋದು ಬೇಕು. ಎಚ್‌ಆರ್ ಇದ್ದರೆ ಅಲ್ಲಿಗೆ ಮೇಲ್ ಹಾಕೋದು, ಒಬ್ಬ ಸಾಕ್ಷಿಯಾದರೂ ಜೊತೆಗಿರೋದು ಒಳ್ಳೇದು. ಒಬ್ಬರ ಮಾತಿನ ಧಾಟಿಯನ್ನು ಅಣಕಿಸಿದ್ದಕ್ಕೇ ಅಂತ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ, ದೊಡ್ಡ ಕಂಪನಿಗಳಲ್ಲಿ ಅವುಗಳದ್ದೇ ನಡತೆ ನಿಯಮಗಳು ಇರ್ತವೆ, ದೂರನ್ನು ಅದರಡಿ ಕೊಡಬೇಕು. ಆದರೆ ಒಂದು ವ್ಯತ್ಯಾಸ ನೆನಪಿರಲಿ. “ಒಬ್ಳೇ ಬಂದ್ಳಾ” ಅನ್ನುವಂಥ ಮಾತನ್ನು ಒಬ್ಬ ಮಹಿಳಾ ಉದ್ಯೋಗಿಗೆ, ಅವಳ ಕಡೆ ತಿರುಗಿಸಿ, ಅಸಭ್ಯ ಅರ್ಥದಲ್ಲಿ ಹೇಳಿದರೆ ಅದು ಭಾಷೆಯ ತಮಾಷೆ ಆಗಿ ಉಳಿಯೋದಿಲ್ಲ. ಅದಕ್ಕೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಡೆಯೂ ಅದಕ್ಕಾಗಿ ಆಂತರಿಕ ಸಮಿತಿ ಇರಲೇಬೇಕು.

ಇನ್ನೊಂದು ದಾರಿ ನಮ್ಮಂಥವರಿಗೆ ಸುಲಭ, ಅದರ ಬಗ್ಗೆಯೂ ಹೇಳಿಬಿಡ್ತೇವೆ. ಕನ್ನಡ ತಪ್ಪಾಗುತ್ತೆ ಅಂತ ಇಂಗ್ಲಿಷಿಗೆ ಓಡೋದು. ಇಂಗ್ಲಿಷಿನಲ್ಲಿ ಮಾತಾಡಿದರೆ ಯಾರೂ ನಗೋದಿಲ್ಲ ನಿಜ. ಆದರೆ ಸೈಟಿನಲ್ಲಿ ಅದು ನಾಲ್ಕು ಜನರಿಗೆ ಅರ್ಥ ಆದರೆ ನಲವತ್ತು ಜನರಿಗೆ ಆಗೋದಿಲ್ಲ. ಹಾಗೂ ಇಂಗ್ಲಿಷ್ ಬಾರದ ಅಣ್ಣನಂಥವರು ನಗುವಿನ ಮುಂದೆ ಒಬ್ಬರೇ ಉಳೀತಾರೆ. ಕುಮಟಾ ತಾಲ್ಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರನ್ನು ಇಲ್ಲಿ ನೆನೆಯಬಹುದು. ಅವರ ಮನೆಮಾತು ಕೊಂಕಣಿ, ವೃತ್ತಿ ಮುಂಬಯಿಯಲ್ಲಿ, ಪಾಲಿಮರ್ ತಂತ್ರಜ್ಞಾನದಲ್ಲಿ. ಆಫೀಸಿನಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಹಿಂದಿ. ಬರೆದದ್ದು ಕನ್ನಡದಲ್ಲಿ. 1979ರಲ್ಲಿ ಬಂದ ಅವರ ‘ಶಿಕಾರಿ’ ಕಾದಂಬರಿಯೇ ಒಂದು ಮುಂಬಯಿ ಕಂಪನಿಯ ಆಫೀಸಿನೊಳಗಿನ ಕಥೆ. ಮನೆಮಾತು ಬೇರೆ ಇದ್ದವರು ಕನ್ನಡಕ್ಕೆ ಹೊರಗಿನವರು ಅಂತ ನಗುವ ಮೊದಲು ನಮ್ಮ ಪಕ್ಕದ ಊರನ್ನೇ ನೋಡಿದರೆ ಸಾಕು.

ಇಂಟರ್ನ್‌ಶಿಪ್ಪಿನ ಕೊನೆಯ ದಿನ ನಾವು ಎಲ್ಲರಿಗೂ ಹೇಳಿ ಹೊರಡ್ತಿದ್ದೆವು. ನಮ್ಮ ಭಟ್ಕಳದವನು ಸ್ಟೋರಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಅಣ್ಣನ ಹತ್ತಿರ ನವಾಯತಿಯಲ್ಲಿ ಏನೋ ಹೇಳಿದ. ಸೂಪರ್‌ವೈಸರ್ ತಲೆ ಎತ್ತಿ ನೋಡಿದ, ಏನೂ ಅನ್ನಲಿಲ್ಲ. ಅಣ್ಣ ಒಂದು ಕ್ಷಣ ಸುಮ್ಮನಿದ್ದು, ನಗುತ್ತಾ ಅದೇ ಮಾತಿನಲ್ಲಿ ಉತ್ತರ ಕೊಟ್ಟರು. ನಮ್ಮಿಬ್ಬರಿಗೆ ಅರ್ಥ ಆಗಲಿಲ್ಲ. ಬಸ್ಸಿನಲ್ಲಿ ಕೇಳಿದಾಗ ಅವನು ಹೇಳಿದ: “ಭಟ್ಕಳದಲ್ಲಿ ಮನೆ ಯಾವ ಕಡೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದ್ರು.”

ಅವನು ಏನು ಉತ್ತರ ಕೊಟ್ಟ ಅಂತ ನಾವು ಕೇಳಲಿಲ್ಲ. ಈಗ ಅವನಿಗೆ ಮನೆಯಿಂದ ಫೋನ್ ಬಂದರೆ ರೂಮಿನಲ್ಲೇ ಕೂತು ಮಾತಾಡ್ತಾನೆ.